ಮಾನ್ಯತೆಯ ಸಮಸ್ಯೆಗೆ ಉತ್ತರ ಬರೆಯುವವರಿಗೆ ಒಂದು ಬಹಿರಂಗ ಪತ್ರ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಹಾಗೂ ಮುಂಡರಗಿಯ ಕಾನೂನು ವಿದ್ಯಾರ್ಥಿಗಳಿಗೆ,



ಅಂತರರಾಷ್ಟ್ರೀಯ ಕಾನೂನಿನ ಪತ್ರಿಕೆಯಲ್ಲಿ ರಾಷ್ಟ್ರಗಳ ಮಾನ್ಯತೆಯ ಮೇಲೆ ಒಂದು ಸಮಸ್ಯೆ ಬಂದರೆ ಉತ್ತರಗಳು ಹೆಚ್ಚುಕಡಿಮೆ ಒಂದೇ ದಾರಿ ಹಿಡಿಯುತ್ತವೆ. ಮೊದಲ ಪುಟದಲ್ಲಿ ಮಾನ್ಯತೆಯ ವ್ಯಾಖ್ಯೆ, ಎರಡನೆಯದರಲ್ಲಿ ಸೃಷ್ಟಿ ಸಿದ್ಧಾಂತ ಮತ್ತು ಘೋಷಣಾ ಸಿದ್ಧಾಂತದ ಜಗಳ, ಮೂರನೆಯದರಲ್ಲಿ ಡಿ ಫ್ಯಾಕ್ಟೊ ಮತ್ತು ಡಿ ಜೂರೆ ನಡುವಿನ ವ್ಯತ್ಯಾಸಗಳ ಕೋಷ್ಟಕ. ಸಮಸ್ಯೆಯಲ್ಲಿದ್ದ ವ್ಯಾಪಾರಿಗೆ ತನ್ನ ಮಾಲು ಸಿಗುತ್ತದೋ ಇಲ್ಲವೋ ಎಂಬುದು ಕೊನೆಯ ಎರಡು ಸಾಲಿನಲ್ಲಿ, ಅದೂ 'ಆದ್ದರಿಂದ ವಾದಿ ಗೆಲ್ಲುತ್ತಾನೆ' ಎಂದಷ್ಟೇ. ಇಂಥ ಉತ್ತರಗಳನ್ನು ವರ್ಷಗಳಿಂದ ಓದುತ್ತ ಬಂದಿರುವ ಈ ಪತ್ರಕಾರನ ಅಳಲು ಇಷ್ಟೇ: ಓದಿದ್ದು ಕಡಿಮೆಯಾಗಿ ಅಂಕ ಹೋಗುವುದಕ್ಕಿಂತ ಓದಿದ್ದನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಹೋಗುವುದೇ ಹೆಚ್ಚು. ಪ್ರಶ್ನೆ ಕೇಳಿದವರಿಗೆ ಬೇಕಾದದ್ದು ಸಲಹೆ. ನೀವು ಕೊಡುತ್ತಿರುವುದು ಪ್ರಬಂಧ.

ನಿಮ್ಮ ಊರುಗಳಿಗೆ ಈ ವಿಷಯ ದೂರದ್ದೂ ಅಲ್ಲ. ಬ್ರಿಟಿಷರ ಕಾಲದಲ್ಲಿ ಗದಗ ಮತ್ತು ಮುಂಡರಗಿ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದವು. ಶಿರಹಟ್ಟಿ ಸಾಂಗ್ಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮಿರಜ್ ಸಂಸ್ಥಾನದ್ದು. ಮುಂಡರಗಿಯಿಂದ ಮೂಡಣಕ್ಕೆ ಕೊಪ್ಪಳದ ಕಡೆ ನಡೆದರೆ ಹೈದರಾಬಾದ್ ನಿಜಾಮರ ಸೀಮೆ. 1947-48ರಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಯವರ ಮುಂದಾಳುತನದಲ್ಲಿ ವಿಮೋಚನೆಯ ಹೋರಾಟಗಾರರು ಶಿಬಿರ ಹೂಡಿದ್ದು ಮುಂಡರಗಿಯಲ್ಲೇ. ಆ ಹದಿಮೂರು ತಿಂಗಳು ಆ ಗಡಿಯ ಆಚೆಗಿದ್ದದ್ದು ಒಂದು ಸ್ವತಂತ್ರ ರಾಷ್ಟ್ರವೋ ಅಲ್ಲವೋ? ನಿಮ್ಮ ಪಠ್ಯಪುಸ್ತಕದ ಪ್ರಶ್ನೆ ಇದೇ.

ಹೈದರಾಬಾದನ್ನು ಮಾಂಟೆವಿಡಿಯೊ ಒಪ್ಪಂದದ ಅಳತೆಗೆ ಹಚ್ಚಿ ನೋಡಿ. 1933ರ ಆ ಒಪ್ಪಂದದ 1ನೇ ವಿಧಿ ನಾಲ್ಕು ಲಕ್ಷಣ ಕೇಳುತ್ತದೆ: ಸ್ಥಿರ ಜನಸಂಖ್ಯೆ, ನಿಶ್ಚಿತ ಪ್ರದೇಶ, ಸರಕಾರ, ಬೇರೆ ರಾಷ್ಟ್ರಗಳೊಡನೆ ಸಂಬಂಧ ಬೆಳೆಸುವ ಸಾಮರ್ಥ್ಯ. ಹೈದರಾಬಾದಿಗೆ ಒಂದೂವರೆ ಕೋಟಿಗೂ ಮೀರಿದ ಜನ ಇದ್ದರು. ಪ್ರದೇಶ ಇತ್ತು, ಸ್ವಂತ ಸೈನ್ಯ, ರೈಲು, ಅಂಚೆ, ಹಾಲಿ ಸಿಕ್ಕಾ ಎಂಬ ಸ್ವಂತ ನಾಣ್ಯ ಇತ್ತು. 1947ರ ಭಾರತ ಸ್ವಾತಂತ್ರ್ಯ ಕಾಯಿದೆಯ 7ನೇ ಕಲಂ ಪ್ರಕಾರ ಸಂಸ್ಥಾನಗಳ ಮೇಲಿದ್ದ ಬ್ರಿಟಿಷ್ ಅಧೀಶತ್ವ ಆಗಸ್ಟ್ 15ಕ್ಕೆ ಮುಗಿದೂ ಹೋಗಿತ್ತು. ಇಲ್ಲಿಗೆ ನಿಲ್ಲಿಸಿದ ವಿದ್ಯಾರ್ಥಿ 'ಹೌದು, ರಾಷ್ಟ್ರ' ಎಂದು ಬರೆದುಬಿಡುತ್ತಾನೆ. ಆದರೆ 1947ರ ನವೆಂಬರ್ 29ರ ಯಥಾಸ್ಥಿತಿ ಒಪ್ಪಂದದಲ್ಲಿ ವಿದೇಶ ವ್ಯವಹಾರ, ರಕ್ಷಣೆ, ಸಂಪರ್ಕಗಳು ಹಿಂದಿನಂತೆಯೇ ನಡೆಯಬೇಕೆಂದು ನಿಜಾಮರು ಒಪ್ಪಿದ್ದರು. ಅಂದರೆ ನಾಲ್ಕನೆಯ ಲಕ್ಷಣ ಅಲ್ಲೇ ಕುಂಟುತ್ತದೆ. ಸಂಸ್ಥಾನಗಳನ್ನು ಪ್ರತ್ಯೇಕ ಅಂತರರಾಷ್ಟ್ರೀಯ ಘಟಕಗಳೆಂದು ತಾನು ಮಾನ್ಯ ಮಾಡುವುದಿಲ್ಲವೆಂದು ಬ್ರಿಟಿಷ್ ಸರಕಾರ 1947ರ ಜುಲೈನಲ್ಲೇ ಪಾರ್ಲಿಮೆಂಟಿನಲ್ಲಿ ಹೇಳಿತ್ತು. 1948ರ ಆಗಸ್ಟ್ 21ರಂದು ಹೈದರಾಬಾದ್ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ದೂರು ಕೊಟ್ಟಾಗಲೂ ಮೊದಲ ತಕರಾರು ಇದೇ ಆಯಿತು. ಸನ್ನದಿನ 35ನೇ ವಿಧಿ ಸದಸ್ಯರಲ್ಲದವರಿಗೂ ದೂರುವ ಅವಕಾಶ ಕೊಡುತ್ತದೆ, ಆದರೆ ದೂರುವುದು 'ರಾಷ್ಟ್ರ' ಆಗಿರಬೇಕು. ಹೈದರಾಬಾದ್ ರಾಷ್ಟ್ರವೇ ಅಲ್ಲ ಎಂಬುದು ಭಾರತದ ನಿಲುವು. ಮಂಡಳಿ ಅದನ್ನು ತೀರ್ಮಾನಿಸುವ ಮೊದಲೇ ಸೆಪ್ಟೆಂಬರ್ 17ಕ್ಕೆ ನಿಜಾಮರ ಸೇನೆ ಶಸ್ತ್ರ ಕೆಳಗಿಟ್ಟಿತು, ಐದಾರು ದಿನಗಳಲ್ಲಿ ನಿಜಾಮರೇ ದೂರು ಹಿಂತೆಗೆದುಕೊಂಡರು.

ಈ ಉದಾಹರಣೆಯಿಂದ ನಿಮ್ಮ ಉತ್ತರಕ್ಕೆ ಬೇಕಾದದ್ದು ಒಂದೇ ರೂಢಿ. ಲಕ್ಷಣಗಳನ್ನು ಎಣಿಸಬೇಡಿ, ಒಂದೊಂದನ್ನೂ ಸಮಸ್ಯೆಯಲ್ಲಿ ಕೊಟ್ಟ ಸಂಗತಿಗೆ ತಾಗಿಸಿ. ಯಾವುದು ಗಟ್ಟಿಯಾಗಿದೆಯೋ ಅದಕ್ಕೆ ಒಂದು ಸಾಲು ಸಾಕು. ಯಾವುದು ಕುಂಟುತ್ತಿದೆಯೋ ಅದಕ್ಕೆ ಐದು ಸಾಲು ಕೊಡಿ.

ಈಗ ಒಂದು ಸಮಸ್ಯೆಯನ್ನೇ ಬಿಡಿಸೋಣ. ಪರೀಕ್ಷೆಯಲ್ಲಿ ಬರುವಂಥದ್ದೇ, ಊರು ಮಾತ್ರ ನಿಮ್ಮದು, ದೇಶಗಳು ಕಾಲ್ಪನಿಕ.

ಮಹಾನಾಡು ಎಂಬ ದೇಶದಿಂದ ಬೇರ್ಪಟ್ಟ ಉತ್ತರನಾಡು 2023ರ ಫೆಬ್ರವರಿ 1ರಂದು ಸ್ವಾತಂತ್ರ್ಯ ಸಾರಿತು. ಅಂದಿನಿಂದ ಅಲ್ಲಿನ ಪ್ರದೇಶ ಪೂರ್ತಿ ಅದರ ಹಿಡಿತದಲ್ಲಿದೆ. ಜೂನ್‌ನಲ್ಲಿ ಅದು ಒಂದು ಆಜ್ಞೆ ಹೊರಡಿಸಿ ತನ್ನ ನೆಲದಲ್ಲಿದ್ದ ಜಿನ್ನಿಂಗ್ ಗಿರಣಿಗಳನ್ನೂ ಅಲ್ಲಿನ ಅರಳೆಯನ್ನೂ ಪರಿಹಾರವಿಲ್ಲದೆ ವಶಪಡಿಸಿಕೊಂಡಿತು. ಹೀಗೆ 'ಕ' ಕಂಪನಿಯ 500 ಬೇಲು ಅರಳೆ ಹೋಯಿತು. ಡಿಸೆಂಬರ್‌ನಲ್ಲಿ ಉತ್ತರನಾಡಿನ ಸರಕಾರ ಅದೇ ಬೇಲುಗಳನ್ನು ಬೆಟಗೇರಿಯ ವ್ಯಾಪಾರಿ 'ಗ'ನಿಗೆ ಮಾರಿತು, ಮುಂದಿನ ಸರಕಿಗೆಂದು ಮುಂಗಡವನ್ನೂ ತೆಗೆದುಕೊಂಡಿತು. ಆ ಮುಂದಿನ ಸರಕು ಬರಲೇ ಇಲ್ಲ. ಇತ್ತ 'ಕ' ಕಂಪನಿ ಗದಗಿನ ಸಿವಿಲ್ ನ್ಯಾಯಾಲಯದಲ್ಲಿ 'ಗ'ನ ಮೇಲೆ ದಾವಾ ಹೂಡಿ 'ಗೋದಾಮಿನಲ್ಲಿರುವ ಬೇಲು ನಮ್ಮದು' ಎಂದಿತು. ಉತ್ತರನಾಡಿಗೆ ಭಾರತ ಮಾನ್ಯತೆ ಕೊಟ್ಟಿಲ್ಲವೆಂದು ಕೇಂದ್ರ ಸರಕಾರ ತಿಳಿಸಿದ್ದರಿಂದ 2024ರ ಆಗಸ್ಟ್‌ನಲ್ಲಿ 'ಕ' ಗೆದ್ದಿತು. ಮೇಲ್ಮನವಿ ಬಾಕಿ ಇರುವಾಗ, ನವೆಂಬರ್‌ನಲ್ಲಿ, ಭಾರತ ಉತ್ತರನಾಡನ್ನು ಮಾನ್ಯ ಮಾಡಿತು. 'ಗ'ನಿಗೆ ಸಲಹೆ ಕೊಡಿ.

ಲೇಖನಿ ಎತ್ತುವ ಮೊದಲು ಹಾಳೆಯ ಅಂಚಿನಲ್ಲಿ ತಾರೀಖುಗಳನ್ನು ಸಾಲಾಗಿ ಬರೆದುಕೊಳ್ಳಿ: ಹಿಡಿತ ಸಿಕ್ಕ ದಿನ, ಆಜ್ಞೆಯ ದಿನ, ಮಾರಾಟದ ದಿನ, ತೀರ್ಪಿನ ದಿನ, ಮಾನ್ಯತೆಯ ದಿನ. ಮಾನ್ಯತೆಯ ಸಮಸ್ಯೆ ತಾರೀಖಿನ ಮೇಲೆ ತಿರುಗುತ್ತದೆ. ಪ್ರಶ್ನೆ ಬರೆದವರು ತಾರೀಖು ಕೊಟ್ಟಿದ್ದರೆ ಸುಮ್ಮನೆ ಕೊಟ್ಟಿರುವುದಿಲ್ಲ.

ಉತ್ತರದ ಮೊದಲ ಪರಿಚ್ಛೇದದಲ್ಲಿ ವ್ಯಾಖ್ಯೆ ಬೇಡ, ವಿವಾದಾಂಶ ಬರೆಯಿರಿ. ಇಲ್ಲಿ ಎರಡಿವೆ. ಉತ್ತರನಾಡಿನ ಜೂನ್ ಆಜ್ಞೆಗೆ ಭಾರತದ ನ್ಯಾಯಾಲಯ ಬೆಲೆ ಕೊಡಬೇಕೆ ಎಂಬುದು ಒಂದು. ಮುಂಗಡ ವಾಪಸಿಗೆ 'ಗ' ಉತ್ತರನಾಡಿನ ಮೇಲೆ ದಾವಾ ಹೂಡಬಹುದೆ ಎಂಬುದು ಇನ್ನೊಂದು. ಎರಡನ್ನೂ ಕಲಸಿದವರು ಎರಡರಲ್ಲೂ ಸೋಲುತ್ತಾರೆ, ಏಕೆಂದರೆ ಇವುಗಳ ಉತ್ತರ ಒಂದಕ್ಕೊಂದು ಎದುರು ದಿಕ್ಕಿನಲ್ಲಿದೆ.

ಆಮೇಲೆ ಸಿದ್ಧಾಂತ, ಅದೂ ನಾಲ್ಕೇ ಸಾಲು. ಮಾನ್ಯತೆಯೇ ರಾಷ್ಟ್ರವನ್ನು ಹುಟ್ಟಿಸುತ್ತದೆ ಎಂಬುದು ಸೃಷ್ಟಿ ಸಿದ್ಧಾಂತ. ಇರುವುದನ್ನು ಒಪ್ಪಿಕೊಳ್ಳುತ್ತದೆ ಅಷ್ಟೆ ಎಂಬುದು ಘೋಷಣಾ ಸಿದ್ಧಾಂತ. ಮಾಂಟೆವಿಡಿಯೊದ 3ನೇ ವಿಧಿ ಎರಡನೆಯದರ ಪರ, ರಾಷ್ಟ್ರದ ರಾಜಕೀಯ ಅಸ್ತಿತ್ವಕ್ಕೆ ಇತರರ ಮಾನ್ಯತೆ ಬೇಕಿಲ್ಲ ಎನ್ನುತ್ತದೆ. ಹಾಗಾಗಿ ಅಂತರರಾಷ್ಟ್ರೀಯ ಕಾನೂನಿನ ಕಣ್ಣಿನಲ್ಲಿ ಉತ್ತರನಾಡು 2023ರಿಂದಲೇ ರಾಷ್ಟ್ರ ಎಂದು ವಾದಿಸಬಹುದು. ಇಲ್ಲಿ 'ಆದರೆ' ಎಂಬ ಮಾತು ಬರಬೇಕು. ಇಡೀ ಉತ್ತರ ಆ 'ಆದರೆ'ಯ ಮೇಲೆ ನಿಂತಿದೆ.

ಆದರೆ ದಾವಾ ನಡೆಯುತ್ತಿರುವುದು ಗದಗಿನ ನ್ಯಾಯಾಲಯದಲ್ಲಿ, ಹೇಗ್‌ನಲ್ಲಿ ಅಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 87ಎ ಕಲಂ 'ವಿದೇಶಿ ರಾಷ್ಟ್ರ' ಎಂದರೆ ಭಾರತದ ಹೊರಗಿನ, ಕೇಂದ್ರ ಸರಕಾರ ಮಾನ್ಯ ಮಾಡಿದ ರಾಷ್ಟ್ರ ಎಂದು ಹೇಳುತ್ತದೆ. ಒಂದು ರಾಷ್ಟ್ರ ಮಾನ್ಯವಾಗಿದೆ ಅಥವಾ ಆಗಿಲ್ಲ ಎಂಬ ಸಂಗತಿಯನ್ನು ಪ್ರತಿ ನ್ಯಾಯಾಲಯವೂ ತಾನಾಗಿಯೇ ಗಮನಕ್ಕೆ ತೆಗೆದುಕೊಳ್ಳಬೇಕು ಎಂದೂ ಅದೇ ಕಲಮಿನ ಎರಡನೆಯ ಉಪಕಲಂ ವಿಧಿಸುತ್ತದೆ. ಅಂದರೆ ನ್ಯಾಯಾಧೀಶರು ಮಾಂಟೆವಿಡಿಯೊದ ನಾಲ್ಕು ಲಕ್ಷಣ ಹಿಡಿದು ಸ್ವತಃ ತೂಗುತ್ತ ಕೂಡುವುದಿಲ್ಲ. ದಿಲ್ಲಿ ಏನು ಹೇಳಿದೆ ಎಂದು ನೋಡುತ್ತಾರೆ. ನಮ್ಮ ವಿದ್ಯಾರ್ಥಿಗಳು ಇಂಗ್ಲೆಂಡಿನ ತೀರ್ಪುಗಳನ್ನೆಲ್ಲ ಬಾಯಿಪಾಠ ಮಾಡಿ ನಮ್ಮದೇ ಸಂಹಿತೆಯ ಈ ಒಂದು ಕಲಂ ಬಿಡುವುದು ಸೋಜಿಗ. ಮಾನ್ಯತೆ ಸನ್ನೆಯಿಂದಲೂ ಆಗಬಹುದೆಂದು ವಾದಿಸುವವರು ತೈವಾನನ್ನು ನೆನೆಯಲಿ. ಇಂಡಿಯಾ-ತೈಪೆ ಅಸೋಸಿಯೇಷನ್ 1995ರಿಂದ ಇದೆ, ವ್ಯಾಪಾರ ಜೋರಾಗಿಯೇ ಇದೆ, ಮಾನ್ಯತೆ ಇಲ್ಲ.

ಈಗ ಮೊದಲ ವಿವಾದಾಂಶ. ಇಲ್ಲಿಗೆ ಹೇಳಿ ಮಾಡಿಸಿದ ತೀರ್ಪು ಲೂಥರ್ ವಿರುದ್ಧ ಸೇಗರ್. ಹೆಸರು ಎಲ್ಲರೂ ಬರೆಯುತ್ತಾರೆ, ಕಥೆ ಬರೆಯುವವರು ವಿರಳ. ರಷ್ಯದಲ್ಲಿ ಲೂಥರ್ ಕಂಪನಿಯ ಮರದ ಕಾರ್ಖಾನೆಯಿತ್ತು. 1918ರ ಸೋವಿಯತ್ ಆಜ್ಞೆಯ ಮೇರೆಗೆ 1919ರಲ್ಲಿ ಅದನ್ನು ವಶಪಡಿಸಿಕೊಂಡರು. 1920ರಲ್ಲಿ ಸೋವಿಯತ್ ಪ್ರತಿನಿಧಿ ಅಲ್ಲಿನ ಹಲಗೆಗಳನ್ನು ಲಂಡನ್ನಿನ ಸೇಗರ್ ಕಂಪನಿಗೆ ಮಾರಿದ. ಹಲಗೆ ಇಂಗ್ಲೆಂಡ್ ಮುಟ್ಟಿದಾಗ ಲೂಥರ್ ದಾವಾ ಹೂಡಿತು. ಸೋವಿಯತ್ ಸರಕಾರಕ್ಕೆ ಬ್ರಿಟನ್ ಆಗ ಮಾನ್ಯತೆ ಕೊಟ್ಟಿರಲಿಲ್ಲವಾದ್ದರಿಂದ ನ್ಯಾಯಮೂರ್ತಿ ರೋಷ್ ಆ ಆಜ್ಞೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ಲೂಥರ್ ಗೆದ್ದಿತು. ಮೇಲ್ಮನವಿಯ ಹೊತ್ತಿಗೆ, 1921ರ ಏಪ್ರಿಲ್‌ನಲ್ಲಿ, ವಿದೇಶಾಂಗ ಕಚೇರಿಯಿಂದ ಪತ್ರ ಬಂತು: ಸೋವಿಯತ್ ಸರಕಾರ ರಷ್ಯದ ಡಿ ಫ್ಯಾಕ್ಟೊ ಸರಕಾರವೆಂದು ಬ್ರಿಟನ್ ಮಾನ್ಯ ಮಾಡಿದೆ. ಮೇಲಿನ ನ್ಯಾಯಾಲಯ ತೀರ್ಪು ತಿರುಗಿಸಿತು. ಮಾನ್ಯತೆ ಹಿಂದಕ್ಕೆ, ಅಂದರೆ ಆ ಸರಕಾರ ಅಧಿಕಾರ ಹಿಡಿದ 1917ರ ಕೊನೆಯವರೆಗೆ, ಚಾಚುತ್ತದೆ, ಆದ್ದರಿಂದ 1918ರ ಆಜ್ಞೆಯೂ ಮಾನ್ಯ ಎಂದಿತು. ಆಜ್ಞೆ ಅನ್ಯಾಯದ್ದು ಎಂಬ ವಾದವನ್ನೂ ಒಪ್ಪಲಿಲ್ಲ.

ಈ ಕಥೆ ಬೆಟಗೇರಿಯ ಗೋದಾಮಿಗೆ ಎಷ್ಟು ಒಪ್ಪುತ್ತದೆ ನೋಡಿ. ಉತ್ತರನಾಡಿನ ಹಿಡಿತ ಫೆಬ್ರವರಿಯಿಂದ, ಆಜ್ಞೆ ಜೂನ್‌ನದು. ಆಜ್ಞೆ ಹೊರಟಾಗ ಬೇಲುಗಳು ಉತ್ತರನಾಡಿನ ನೆಲದಲ್ಲೇ ಇದ್ದವು. ನವೆಂಬರ್‌ನ ಮಾನ್ಯತೆ ಹಿಂದಕ್ಕೆ ಚಾಚಿದರೆ ಜೂನ್ ಅದರೊಳಗೆ ಬೀಳುತ್ತದೆ, 'ಗ'ನ ಖರೀದಿ ಊರ್ಜಿತವಾಗುತ್ತದೆ, ಮೇಲ್ಮನವಿಯಲ್ಲಿ ಅವನು ಗೆಲ್ಲುವ ಸಂಭವ ಹೆಚ್ಚು. ಇಷ್ಟು ಬರೆದರೆ ಉತ್ತೀರ್ಣರಾಗುತ್ತೀರಿ. ಒಳ್ಳೆಯ ಅಂಕ ಬೇಕೆಂದರೆ ಎದುರು ಪಕ್ಷದ ವಕೀಲರು ಏನು ಹೇಳುತ್ತಾರೆಂದು ನೀವೇ ಮೊದಲು ಬರೆಯಬೇಕು. ಅವರಿಗೆ ಮೂರು ಮಾತುಗಳಿವೆ. ಲೂಥರ್ ತೀರ್ಪಿನಲ್ಲಿ ಹಳೆಯ ರಾಷ್ಟ್ರದ ಹೊಸ ಸರಕಾರಕ್ಕೆ ಮಾನ್ಯತೆ ಸಿಕ್ಕಿತ್ತು, ಇಲ್ಲಿ ಸಿಕ್ಕಿರುವುದು ಹೊಸ ರಾಷ್ಟ್ರಕ್ಕೆ. ತತ್ವವನ್ನು ಎಳೆದು ತರಬೇಕಾಗುತ್ತದೆ, ಹಾಗೆ ಎಳೆಯುತ್ತಿದ್ದೇನೆಂದು ಬಾಯಿಬಿಟ್ಟು ಹೇಳಬೇಕು. ಎರಡನೆಯದಾಗಿ, ಇಂಗ್ಲಿಷ್ ತೀರ್ಪು ಭಾರತದ ನ್ಯಾಯಾಲಯವನ್ನು ಕಟ್ಟಿಹಾಕುವುದಿಲ್ಲ, ಮನವೊಲಿಸಬಹುದಷ್ಟೆ. ಮೂರನೆಯದಾಗಿ, ಪರಿಹಾರವಿಲ್ಲದ ಜಪ್ತಿ ನಮ್ಮ ಸಾರ್ವಜನಿಕ ನೀತಿಗೆ ವಿರುದ್ಧ ಎಂಬ ವಾದ. ಲೂಥರ್ ತೀರ್ಪು ಅದನ್ನು ಒಪ್ಪಲಿಲ್ಲ, ಆದರೆ ವಾದ ಸತ್ತಿಲ್ಲ.

ಹಿಂದಕ್ಕೆ ಚಾಚುವುದಕ್ಕೂ ಮಿತಿಯಿದೆ ಎಂಬುದಕ್ಕೆ ಹಾಂಕಾಂಗ್‌ನ ವಿಮಾನಗಳ ಪ್ರಕರಣ ಸಾಕ್ಷಿ. ಚೀನಾದ ರಾಷ್ಟ್ರೀಯವಾದಿ ಸರಕಾರ 1949ರ ಡಿಸೆಂಬರ್‌ನಲ್ಲಿ, ತನಗೆ ಬ್ರಿಟನ್ನಿನ ಮಾನ್ಯತೆ ಇನ್ನೂ ಇದ್ದಾಗಲೇ, ಹಾಂಕಾಂಗ್‌ನಲ್ಲಿ ನಿಂತಿದ್ದ ವಿಮಾನಗಳನ್ನು ಮಾರಿತು. 1950ರ ಜನವರಿಯಲ್ಲಿ ಬ್ರಿಟನ್ ಮಾವೋ ಸರಕಾರವನ್ನು ಮಾನ್ಯ ಮಾಡಿತು. ಆ ಮಾನ್ಯತೆ ಹಿಂದಕ್ಕೆ ಹೋಗಿ ಹಳೆಯ ಸರಕಾರದ ಮಾರಾಟವನ್ನು ಅಳಿಸಿಹಾಕುವುದಿಲ್ಲ ಎಂದು ಪ್ರಿವಿ ಕೌನ್ಸಿಲ್ ತೀರ್ಮಾನಿಸಿತು. ಸಿವಿಲ್ ಏರ್ ಟ್ರಾನ್ಸ್‌ಪೋರ್ಟ್ ಪ್ರಕರಣ ಎಂದು ಅದರ ಹೆಸರು. ಹೊಸದರ ಕೃತ್ಯ ಊರ್ಜಿತವಾಗಬಹುದು, ಹಳೆಯದು ಸರಿಯಾಗಿ ಮಾಡಿದ್ದು ರದ್ದಾಗುವುದಿಲ್ಲ. ನಮ್ಮ ಸಮಸ್ಯೆಯಲ್ಲಿ ಮಹಾನಾಡು ಆ ಬೇಲುಗಳ ಬಗ್ಗೆ ಏನನ್ನೂ ಮಾಡಿಲ್ಲ, ಹಾಗಾಗಿ ಈ ಮಿತಿ 'ಗ'ನನ್ನು ತಟ್ಟುವುದಿಲ್ಲ. ಆ ಒಂದು ವಾಕ್ಯವನ್ನು ಬರೆಯದೆ ತೀರ್ಪಿನ ಹೆಸರನ್ನಷ್ಟೇ ಉದುರಿಸಿದರೆ ಪ್ರಯೋಜನವಿಲ್ಲ.

ಎರಡನೆಯ ವಿವಾದಾಂಶ ಮುಂಗಡದ್ದು. ಇಲ್ಲಿ ಮಾನ್ಯತೆ ಬಂದದ್ದೇ 'ಗ'ನಿಗೆ ತೊಡಕು. ಬೇಲು ಉಳಿಸಿಕೊಟ್ಟ ನವೆಂಬರ್ ತಿಂಗಳೇ ಅವನ ಮುಂಗಡದ ದಾರಿಗೆ ಬಾಗಿಲು ಹಾಕಿತು. ಸಂಹಿತೆಯ 86ನೇ ಕಲಂ ಪ್ರಕಾರ ವಿದೇಶಿ ರಾಷ್ಟ್ರದ ಮೇಲೆ ದಾವಾ ಹೂಡಲು ಕೇಂದ್ರ ಸರಕಾರದ ಲಿಖಿತ ಸಮ್ಮತಿ ಬೇಕು. ಮಾನ್ಯತೆಗೆ ಮೊದಲು ಉತ್ತರನಾಡು 'ವಿದೇಶಿ ರಾಷ್ಟ್ರ'ವೇ ಅಲ್ಲದ್ದರಿಂದ ಆ ಕಲಮಿನ ಆಸರೆ ಅದಕ್ಕಿರಲಿಲ್ಲ. ನಿಜ, ಆಗ ಬೇರೆ ಕಷ್ಟ ಇತ್ತು, ಪ್ರತಿವಾದಿ ಎಂದು ಯಾರ ಹೆಸರು ಬರೆಯುವುದು, ಡಿಕ್ರಿ ಸಿಕ್ಕರೂ ವಸೂಲಿ ಎಲ್ಲಿಂದ ಎಂಬುದು. ಮಾನ್ಯತೆಯ ನಂತರ ಸಮ್ಮತಿಯಿಲ್ಲದ ದಾವಾ ನಿಲ್ಲುವುದಿಲ್ಲ. ಚಹಾ ಖರೀದಿಯ ಕರಾರು ಮುರಿದಿದ್ದಕ್ಕೆ ಕಲಕತ್ತೆಯಲ್ಲಿ ಈಜಿಪ್ಟಿನ ಮೇಲೆ ಹೂಡಿದ ದಾವಾ ಹೀಗೇ ಬಿತ್ತು. ಆ ಮಿರ್ಜಾ ಅಲಿ ಅಕ್ಬರ್ ಕಾಶಾನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ವ್ಯಾಪಾರದ ವ್ಯವಹಾರಕ್ಕೂ 86ನೇ ಕಲಂ ಅನ್ವಯಿಸಿತು.

ಹಾಗಾದರೆ 'ಗ'ನಿಗೆ ಸಲಹೆ? ಇಲ್ಲಿ ಕೈಚೆಲ್ಲಬೇಡಿ, 86ರ ಎರಡನೆಯ ಉಪಕಲಂ ಓದಿ. ನ್ಯಾಯಾಲಯದ ವ್ಯಾಪ್ತಿಯೊಳಗೆ ಆ ರಾಷ್ಟ್ರ ವ್ಯಾಪಾರ ಮಾಡುತ್ತಿದ್ದರೆ, ದಾವಾ ಹೂಡಬಯಸುವವನ ಮೇಲೆ ತಾನೇ ದಾವಾ ಹೂಡಿದ್ದರೆ, ಅಥವಾ ತನ್ನ ವಿನಾಯಿತಿಯನ್ನು ಸ್ಪಷ್ಟವಾಗಿಯೋ ಸೂಚ್ಯವಾಗಿಯೋ ಬಿಟ್ಟುಕೊಟ್ಟಿದ್ದರೆ ಸಮ್ಮತಿ ಸಿಗಬಹುದು. ಅರಳೆ ಮಾರಾಟವನ್ನು ವ್ಯಾಪಾರವೆಂದು ತೋರಿಸಿ 'ಗ' ಅರ್ಜಿ ಹಾಕಬೇಕು. ಸಮ್ಮತಿ ನಿರಾಕರಿಸುವ ಮೊದಲು ಅವನ ಅಹವಾಲು ಕೇಳಬೇಕೆಂದು ಆರನೆಯ ಉಪಕಲಂ ಹೇಳುತ್ತದೆ. ಅಲ್ಜೀರಿಯ ರಾಯಭಾರ ಕಚೇರಿಗೆ ಮಾಡಿಕೊಟ್ಟ ಕೆಲಸದ ಹಣಕ್ಕೆ ಅಲೆದ ಹರಭಜನ್ ಸಿಂಗ್ ಧಲ್ಲಾ ಅವರ ಪ್ರಕರಣದಲ್ಲಿ, ಸರಕಾರ ಮನಸ್ಸಿಗೆ ಬಂದಂತೆ ಇಲ್ಲ ಎನ್ನುವಂತಿಲ್ಲ, ಮರಳಿ ಪರಿಶೀಲಿಸಬೇಕು ಎಂದು ಸುಪ್ರೀಂ ಕೋರ್ಟು 1986ರಲ್ಲಿ ಹೇಳಿತು.

ದಾವಾ ಹೂಡಿದ ರಾಷ್ಟ್ರ ತನ್ನ ಕವಚ ತಾನೇ ಕಳಚುತ್ತದೆ ಎಂಬುದಕ್ಕೆ ಮತ್ತೆ ಹೈದರಾಬಾದೇ ಉದಾಹರಣೆ, ಮುಂಡರಗಿಯವರಿಗೆ ಇದು ಹೆಚ್ಚು ಹಿಡಿಸೀತು. 1948ರ ಸೆಪ್ಟೆಂಬರ್‌ನಲ್ಲಿ, ಸೇನಾ ಕಾರ್ಯಾಚರಣೆಯ ಆ ದಿನಗಳಲ್ಲಿ, ನಿಜಾಮರ ಸರಕಾರದ ಸುಮಾರು ಹತ್ತು ಲಕ್ಷ ಪೌಂಡ್ ಹಣ ಲಂಡನ್ನಿನ ಬ್ಯಾಂಕಿನಲ್ಲಿ ಪಾಕಿಸ್ತಾನದ ಹೈಕಮಿಷನರ್ ರಹೀಮತೂಲಾ ಅವರ ಖಾತೆಗೆ ಹೋಯಿತು. ನಿಜಾಮರು ವಾಪಸು ಕೇಳಿ ದಾವಾ ಹೂಡಿದರು. ಹಣದ ಮೇಲೆ ಹಕ್ಕು ಸಾಧಿಸುತ್ತಿರುವುದು ಸಾರ್ವಭೌಮ ಪಾಕಿಸ್ತಾನ, ಅದರ ಒಪ್ಪಿಗೆಯಿಲ್ಲದೆ ಇಲ್ಲಿ ವಿಚಾರಣೆ ಸಲ್ಲದು ಎಂದು 1957ರಲ್ಲಿ ಹೌಸ್ ಆಫ್ ಲಾರ್ಡ್ಸ್ ಹೇಳಿತು. ಹಣ ಬ್ಯಾಂಕಿನಲ್ಲೇ ಬಡ್ಡಿ ಬೆಳೆಸುತ್ತ ಕೂತಿತು. 2013ರಲ್ಲಿ ಪಾಕಿಸ್ತಾನವೇ ಬ್ಯಾಂಕಿನ ಮೇಲೆ ದಾವಾ ಹೂಡಿತು, ವಿನಾಯಿತಿಯ ಮಾತು ಅಲ್ಲಿಗೆ ಮುಗಿಯಿತು. 2019ರ ಅಕ್ಟೋಬರ್ 2ರಂದು ನ್ಯಾಯಮೂರ್ತಿ ಮಾರ್ಕಸ್ ಸ್ಮಿತ್ ಪಾಕಿಸ್ತಾನದ ಹಕ್ಕನ್ನು ತಳ್ಳಿಹಾಕಿದರು. ಅಷ್ಟರಲ್ಲಿ ಮೂರೂವರೆ ಕೋಟಿ ಪೌಂಡ್ ಆಗಿದ್ದ ಹಣ ನಿಜಾಮರ ವಾರಸುದಾರರ ಮತ್ತು ಭಾರತದ ಪಾಲಾಯಿತು. ಎಪ್ಪತ್ತು ವರ್ಷ ತಡೆದದ್ದು ಹಣ ಯಾರದೆಂಬ ಪ್ರಶ್ನೆಯಲ್ಲ, ನ್ಯಾಯಾಲಯಕ್ಕೆ ಯಾರನ್ನು ಎಳೆಯಬಹುದೆಂಬ ಪ್ರಶ್ನೆ.

ಕೊನೆಯ ಪರಿಚ್ಛೇದವನ್ನು ಸಲಹೆಯಾಗಿಯೇ ಬರೆಯಿರಿ: ಬೇಲುಗಳ ವಿಷಯದಲ್ಲಿ ಮೇಲ್ಮನವಿ ಮುಂದುವರಿಸಿ 87ಎ ಅಡಿಯಲ್ಲಿ ಮಾನ್ಯತೆಯ ಸಂಗತಿಯನ್ನು ನ್ಯಾಯಾಲಯದ ಗಮನಕ್ಕೆ ತರಬೇಕು, ಮುಂಗಡದ ವಿಷಯದಲ್ಲಿ ದಾವಾಕ್ಕೆ ಮೊದಲು 86ರ ಸಮ್ಮತಿಗೆ ಅರ್ಜಿ ಹಾಕಬೇಕು. 'ಗೆಲ್ಲುತ್ತಾನೆ' ಎನ್ನುವಲ್ಲಿ ಎಷ್ಟು ಖಚಿತ, ಎಲ್ಲಿ ಅನುಮಾನ ಎಂದೂ ಸೇರಿಸಿ.

ನಿಮ್ಮಲ್ಲಿ ಈ ಪತ್ರಕಾರನ ವಿನಂತಿ ಇದು. ಪರೀಕ್ಷೆಗೆ ಮೊದಲು ಇದೇ ಸಮಸ್ಯೆಯನ್ನು ಮೂರು ಸಲ ತಿರುಚಿ ಬರೆಯಿರಿ. ಒಮ್ಮೆ, ಜೂನ್‌ನಲ್ಲಿ ಆ ಬೇಲುಗಳು ಉತ್ತರನಾಡಿನಲ್ಲಿರದೆ ಮುಂಬಯಿ ಬಂದರಿನಲ್ಲಿದ್ದವು ಎಂದುಕೊಳ್ಳಿ. ತನ್ನ ನೆಲದಾಚೆಯ ಸ್ವತ್ತಿಗೆ ಆ ಆಜ್ಞೆ ತಲುಪುತ್ತದೆಯೇ ಎಂಬುದೇ ಆಗ ಮುಖ್ಯವಾಗುತ್ತದೆ. ಒಮ್ಮೆ, ಆಜ್ಞೆ ಹೊರಟದ್ದು ಹಿಡಿತ ಸಿಗುವ ಮುಂಚಿನ ಜನವರಿಯಲ್ಲಿ ಎಂದುಕೊಳ್ಳಿ. ಮತ್ತೊಮ್ಮೆ, ಭಾರತ ಮಾನ್ಯತೆ ಕೊಟ್ಟು ಆಮೇಲೆ ಹಿಂತೆಗೆದುಕೊಂಡಿತು ಎಂದುಕೊಳ್ಳಿ. 1985ರಲ್ಲಿ ಕೊಟ್ಟ ಸಹ್ರಾವಿ ಗಣರಾಜ್ಯದ ಮಾನ್ಯತೆಯನ್ನು ಭಾರತ 2000ದಲ್ಲಿ ಹಿಂದಕ್ಕೆ ಪಡೆದದ್ದುಂಟು. ಪ್ರತಿ ಉತ್ತರವೂ ಎರಡು ಪುಟ ಮೀರದಿರಲಿ, ಸಿದ್ಧಾಂತ ನಾಲ್ಕು ಸಾಲು ಮೀರದಿರಲಿ. ಬರೆದದ್ದನ್ನು ನಿಮ್ಮ ಅಧ್ಯಾಪಕರಿಗೋ ಕೋರ್ಟಿನಲ್ಲಿ ಸಿಗುವ ಹಿರಿಯ ವಕೀಲರಿಗೋ ತೋರಿಸಿ, 'ಗ'ನ ಜಾಗದಲ್ಲಿ ನೀವಿದ್ದರೆ ಈ ಸಲಹೆಗೆ ಶುಲ್ಕ ಕೊಡುತ್ತಿದ್ದಿರಾ ಎಂದು ಕೇಳಿ.

ಇತಿ ತಮ್ಮ ವಿಶ್ವಾಸಿ,
ಗದಗಿನ ಒಬ್ಬ ಹಿರಿಯ ವಕೀಲ